ಕಂಠಪಾಠ ಬಂದಿತ್ತು, ಮಾತು ಬಂದಿರಲಿಲ್ಲ

2023ರ ಜೂನ್ ತಿಂಗಳಿನ ಮೊದಲ ವಾರದಲ್ಲಿ ನಮ್ಮ ಮನೆಯಲ್ಲೊಂದು ಮದುವೆ ನಡೆಯಿತು. ಅಮೆರಿಕದ ಅಯೋವಾ ರಾಜ್ಯದ ಸಣ್ಣ ಊರೊಂದರಲ್ಲಿ ನೆಲೆಸಿರುವ ನನ್ನ ತಮ್ಮನು ಹೆಂಡತಿ ಮತ್ತು ಹದಿನೇಳು ವರ್ಷದ ಮಗಳೊಂದಿಗೆ ಧಾರವಾಡಕ್ಕೆ ಬಂದಿದ್ದನು. ಮದುವೆಯ ಹಿಂದಿನ ದಿನ ಸಂಜೆ, ನೆರೆದ ಬಂಧುಗಳ ಎದುರಿನಲ್ಲಿ ಆ ಹುಡುಗಿಯು ಐದು ವಚನಗಳನ್ನು ಒಂದೂ ಅಕ್ಷರ ಬಿಡದೆ ಹೇಳಿದಳು. ಎಲ್ಲರೂ ತಲೆದೂಗಿದರು. ಎಂಬತ್ತನಾಲ್ಕರ ನಮ್ಮ ಅವ್ವನು ಮೊಮ್ಮಗಳನ್ನು ಹತ್ತಿರ ಕರೆದು, ಗಲ್ಲ ಹಿಡಿದು, "ಊಟ ಆತೇನವ್ವಾ?" ಎಂದು ಕೇಳಿದಳು. ಹುಡುಗಿಯು ತಂದೆಯ ಮುಖ ನೋಡಿದಳು. ಪ್ರಶ್ನೆ ಅವಳಿಗೆ ತಿಳಿದಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬಂದಿತು. ಅವ್ವನಿಗೆ ಇಂಗ್ಲಿಷಿನ ಒಂದಕ್ಷರವೂ ತಿಳಿಯದು. ಅಜ್ಜಿ ನಕ್ಕು ಸುಮ್ಮನಾದಳು, ಮೊಮ್ಮಗಳೂ ತಲೆತಗ್ಗಿಸಿ ಸುಮ್ಮನಾದಳು.

ವಚನಗಳನ್ನು ರೋಮನ್ ಅಕ್ಷರಗಳಲ್ಲಿ ಬರೆದುಕೊಂಡು ಕಂಠಪಾಠ ಮಾಡಿದ ಮಗುವಿಗೆ ನಾಲಿಗೆ ಹೊರಳುತ್ತದೆ. ಆದರೆ ತನ್ನ ಮನಸ್ಸಿನಲ್ಲಿರುವುದನ್ನು ಆ ಕ್ಷಣದಲ್ಲಿ ವಾಕ್ಯವಾಗಿ ಕಟ್ಟುವ ಅಭ್ಯಾಸ ಅದರಿಂದ ಬರುವುದಿಲ್ಲ. ಕೇಳಿ ತಿಳಿಯುವುದು ಒಂದು ಶಕ್ತಿ, ಆಡಿ ತೋರುವುದು ಮತ್ತೊಂದು. ಮೊದಲನೆಯದು ತಂದೆತಾಯಿಗಳ ಮಾತು ಕಿವಿಗೆ ಬಿದ್ದ ಮಾತ್ರದಿಂದ ಬಂದೀತು. ಎರಡನೆಯದು ಬರಬೇಕಾದರೆ ಆಡಬೇಕು, ಆಡಿದ್ದಕ್ಕೆ ಎದುರಿನಿಂದ ಉತ್ತರ ಬರಬೇಕು. ತಮ್ಮನ ಊರಿನಲ್ಲಿ ಬೇರೊಂದು ಕನ್ನಡ ಕುಟುಂಬವಿಲ್ಲ. ಮನೆಯಲ್ಲಿ ಮಾತನಾಡಿಸಿದರೆ ಮಗಳು ಎರಡನೆಯ ವಾಕ್ಯಕ್ಕೇ ಇಂಗ್ಲಿಷಿಗೆ ಹೊರಳುವಳು. ತಂದೆಗೆ ಇಂಗ್ಲಿಷ್ ತಿಳಿಯುವುದೆಂಬುದು ಅವಳಿಗೆ ಗೊತ್ತು. ಆದುದರಿಂದ ಬೇಕಾಗಿದ್ದವರು ಕನ್ನಡದಲ್ಲಿಯೇ ಮಾತನಾಡುವ, ಅವಳ ವಯಸ್ಸಿಗೆ ಹತ್ತಿರವಾದ ಇನ್ನೊಬ್ಬರು.

ಎರಡು ಕಡೆಯ ಕೊರತೆ

ಅಂಥವರು ನಮಗೆ ಕಲಘಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ ದೊರೆತರು. ನಮ್ಮ ಪರಿಚಯದವರೊಬ್ಬರ ಮಗಳು, ಬಿ.ಕಾಂ. ಎರಡನೆಯ ವರ್ಷದ ವಿದ್ಯಾರ್ಥಿನಿ. ಇಂಗ್ಲಿಷ್ ಪುಸ್ತಕ ಓದಿ ತಿಳಿಯಬಲ್ಲಳು, ಪರೀಕ್ಷೆಯಲ್ಲಿ ಬರೆಯಬಲ್ಲಳು. ಆದರೆ ಮುಂದೆ ಬ್ಯಾಂಕಿನ ಸಂದರ್ಶನಕ್ಕೆ ಕುಳಿತಾಗ ಬಾಯಿ ಕಟ್ಟೀತೆಂಬ ಅಳುಕು ಅವಳಿಗಿತ್ತು. ಅವಳ ಹಳ್ಳಿಯಲ್ಲಿ ಇಂಗ್ಲಿಷ್ ಮಾತನಾಡುವವರಿಲ್ಲ. ಇವಳ ಊರಿನಲ್ಲಿ ಕನ್ನಡ ಮಾತನಾಡುವವರಿಲ್ಲ. ಒಬ್ಬಳ ಕೊರತೆ ಇನ್ನೊಬ್ಬಳಲ್ಲಿ ಸಮೃದ್ಧಿಯಾಗಿತ್ತು.

ಹೀಗೆ ಇಬ್ಬರು ತಂತಮ್ಮ ನುಡಿಯನ್ನು ಪರಸ್ಪರ ಕೊಟ್ಟುಕೊಳ್ಳುವ ಪದ್ಧತಿ ಹೊಸದೇನೂ ಅಲ್ಲ. 1963ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಗಳು ಒಪ್ಪಂದ ಮಾಡಿಕೊಂಡು ಎರಡೂ ದೇಶದ ಯುವಜನರನ್ನು ಒಟ್ಟುಗೂಡಿಸುವ ಕಾರ್ಯಾಲಯವೊಂದನ್ನು ಸ್ಥಾಪಿಸಿದವು. ಆ ಮೇಳಗಳಲ್ಲಿ ಜೋಡಿಜೋಡಿಯಾಗಿ ಕುಳಿತು ಕಲಿಯುವ ಕ್ರಮ ಬೆಳೆಯಿತು. ಇಬ್ಬರು ತುಳಿಯುವ ಸೈಕಲ್ಲಿನ ಹೆಸರಿನಿಂದ ಅದನ್ನು ಟ್ಯಾಂಡೆಮ್ ಎಂದು ಕರೆದರು. 1990ರ ದಶಕದಲ್ಲಿ ಜರ್ಮನಿಯ ಬೋಖುಮ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಇದೇ ಪದ್ಧತಿ ಇ-ಮೇಲ್ ಮೂಲಕ ನಡೆಯಿತು. ಆ ವಿದ್ವಾಂಸರು ಎರಡು ತತ್ತ್ವಗಳನ್ನು ಮುಂದಿಟ್ಟಿದ್ದಾರೆ. ಒಂದು, ಕೊಟ್ಟಷ್ಟು ಪಡೆಯಬೇಕು, ಪಡೆದಷ್ಟು ಕೊಡಬೇಕು. ಇನ್ನೊಂದು, ಏನನ್ನು ಕಲಿಯಬೇಕು, ಎಷ್ಟನ್ನು ತಿದ್ದಿಸಿಕೊಳ್ಳಬೇಕು ಎಂಬುದನ್ನು ಕಲಿಯುವವರೇ ನಿರ್ಧರಿಸಬೇಕು.

ಅಯೋವಾಕ್ಕೂ ನಮಗೂ ಬೇಸಿಗೆಯಲ್ಲಿ ಹತ್ತೂವರೆ ಗಂಟೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಅಂತರ. ಅಲ್ಲಿ ರಾತ್ರಿ ಎಂಟಾದಾಗ ಇಲ್ಲಿ ಮರುದಿನ ಬೆಳಗಿನ ಆರೂವರೆ ಅಥವಾ ಏಳೂವರೆ. ಹಳ್ಳಿಯ ಹುಡುಗಿಗೆ ಅದು ನೀರು ತುಂಬಿ, ರೊಟ್ಟಿ ಬಡಿದು, ಕಾಲೇಜಿನ ಬಸ್ಸು ಹಿಡಿಯುವ ಹೊತ್ತು. ನಿತ್ಯ ದೂರವಾಣಿಯಲ್ಲಿ ಮಾತನಾಡುವುದು ಆಗದ ಮಾತು. ಆದುದರಿಂದ ವಾಟ್ಸ್‌ಆ್ಯಪ್‌ನ ಧ್ವನಿಸಂದೇಶವನ್ನೇ ಆಶ್ರಯಿಸಿದೆವು. 2013ರಲ್ಲಿ ಬಂದ ಆ ಸೌಲಭ್ಯ ಇಂದು ಮನೆಮನೆಯಲ್ಲಿದೆ. ಒಬ್ಬಳು ತನ್ನ ಬಿಡುವಿನಲ್ಲಿ ಆಡಿ ಕಳುಹಿಸುವಳು, ಇನ್ನೊಬ್ಬಳು ತನ್ನ ಬಿಡುವಿನಲ್ಲಿ ಕೇಳುವಳು. ತಿಳಿಯದಿದ್ದರೆ ನಾಲ್ಕು ಬಾರಿ ಕೇಳಬಹುದು. ಎದುರಿಗಿದ್ದವರನ್ನು ನಾಲ್ಕು ಬಾರಿ ಕೇಳಲು ಸಂಕೋಚವಾಗುತ್ತದೆ.

ಮೊದಲ ತಿಂಗಳಿನ ಸೋಲು

2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದಾಗ ಯಾವ ಕರಾರೂ ಇರಲಿಲ್ಲ. ಗೆಳತಿಯರಾಗಿ ಮಾತನಾಡಿಕೊಳ್ಳಿರಿ ಎಂದು ಹೇಳಿ ನಾವು ಹಿರಿಯರು ಸುಮ್ಮನಾದೆವು. ತಿಂಗಳ ಕೊನೆಗೆ ನನ್ನ ತಮ್ಮನು ಒಂದು ಜಾಣತನ ಮಾಡಿದನು. ಪ್ರತಿ ಸಂದೇಶದ ಮೇಲೆ ಅದರ ಅವಧಿ ಕಾಣುವುದಷ್ಟೆ. ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಕೂಡಿಸಿದನು. ಇಂಗ್ಲಿಷಿನ ಮಾತು 38 ನಿಮಿಷ, ಕನ್ನಡದ ಮಾತು 11 ನಿಮಿಷ! ಇಬ್ಬರಲ್ಲಿ ಯಾರಿಗೂ ಇದರ ಅರಿವಿರಲಿಲ್ಲ. ಇಬ್ಬರ ನಡುವೆ ಯಾವ ನುಡಿಯಲ್ಲಿ ಕೆಲಸ ಬೇಗ ಸಾಗುವುದೋ ಆ ನುಡಿಯೇ ಮೇಲುಗೈ ಪಡೆಯುತ್ತದೆ. ಸ್ನೇಹ ಬೆಳೆದಷ್ಟೂ ಇದು ಹೆಚ್ಚುತ್ತದೆ. ಯಾರದೂ ತಪ್ಪಿಲ್ಲ, ಎಣಿಸದೆ ಹೋದರೆ ಕಾಣುವುದೂ ಇಲ್ಲ.

ಇನ್ನೊಂದು ದೋಷವನ್ನು ಹಳ್ಳಿಯ ಹುಡುಗಿಯೇ ಗುರುತಿಸಿದಳು. "ಕಾಕಾರ, ಆಕಿ ಮಾತಾಡಾಕತ್ತಿಲ್ಲ, ಓದಾಕತ್ತಾಳ" ಎಂದು ನನಗೆ ತಿಳಿಸಿದಳು. ನಿಜವಿತ್ತು. ಹುಡುಗಿಯು ಕನ್ನಡವನ್ನು ರೋಮನ್ ಅಕ್ಷರದಲ್ಲಿ ಬರೆದುಕೊಂಡು, ಏಳೆಂಟು ಸಲ ಧ್ವನಿಮುದ್ರಿಸಿ, ತಪ್ಪಿಲ್ಲದ್ದನ್ನು ಆರಿಸಿ ಕಳುಹಿಸುತ್ತಿದ್ದಳು. ಓದಿದ ಮಾತನ್ನು ಗುರುತಿಸುವುದು ಕಠಿಣವಲ್ಲ. ಸ್ವರದಲ್ಲಿ ಏರಿಳಿತವಿರುವುದಿಲ್ಲ, ಮಾತು ವಾಕ್ಯದ ಕೊನೆಯಲ್ಲಿ ಮಾತ್ರ ನಿಲ್ಲುತ್ತದೆ, ನಡುವೆ ಎಲ್ಲಿಯೂ ತಡವರಿಸುವುದಿಲ್ಲ. ನಿಜವಾಗಿ ಆಡುವವರು ನಡುವೆ ನಿಲ್ಲುತ್ತಾರೆ, ಶಬ್ದಕ್ಕಾಗಿ ಹುಡುಕುತ್ತಾರೆ, ಅರ್ಧ ಹೇಳಿದ್ದನ್ನು ಬಿಟ್ಟು ಬೇರೆ ಬಗೆಯಲ್ಲಿ ಹೇಳುತ್ತಾರೆ. ಆ ಹುಡುಕಾಟದಲ್ಲಿಯೇ ಕಲಿಕೆಯಿದೆ. ಬರೆದು ಓದಿದರೆ ಅದು ಮತ್ತೆ ಕಂಠಪಾಠವೇ ಆಯಿತು.

ಕರಾರು

ಅಕ್ಟೋಬರದಲ್ಲಿ ಇಬ್ಬರೂ ಸೇರಿ ಒಂದು ಕರಾರು ಮಾಡಿಕೊಂಡರು. ಅಯೋವಾದ ಹುಡುಗಿ ಸೋಮವಾರ ಮತ್ತು ಗುರುವಾರ ಕನ್ನಡದಲ್ಲಿ ಸಂದೇಶ ಕಳುಹಿಸುವುದು. ಹಳ್ಳಿಯ ಹುಡುಗಿ ಬುಧವಾರ ಮತ್ತು ಶನಿವಾರ ಇಂಗ್ಲಿಷಿನಲ್ಲಿ ಕಳುಹಿಸುವುದು. ಬಂದ ನುಡಿಯಲ್ಲಿಯೇ ಒಂದು ದಿನದೊಳಗೆ ಉತ್ತರ ಕೊಡುವುದು. ಯಾವ ಸಂದೇಶವೂ ಎರಡು ನಿಮಿಷಕ್ಕೆ ಮೀರಬಾರದು. ಹೀಗೆ ವಾರಕ್ಕೆ ಎಂಟು ಸಂದೇಶಗಳು, ನುಡಿಗೆ ನಾಲ್ಕು. ಆರು ನಿಮಿಷದ ಸಂದೇಶ ಕಳುಹಿಸಿದರೆ ಹೆಚ್ಚು ಕಲಿತಂತಾಗುವುದಿಲ್ಲ. ಕೇಳುವವರು ದಣಿಯುವರು, ಯಾವುದನ್ನು ತಿದ್ದಬೇಕೆಂಬುದೂ ಅವರ ನೆನಪಿನಲ್ಲಿ ಉಳಿಯುವುದಿಲ್ಲ.

ಮಾತನಾಡುವ ಮುನ್ನ ಚೀಟಿಯಲ್ಲಿ ಐದು ಶಬ್ದಗಳನ್ನಷ್ಟೇ ಬರೆದುಕೊಳ್ಳಬಹುದು, ವಾಕ್ಯ ಬರೆಯಬಾರದು. ಧ್ವನಿಮುದ್ರಣ ಒಮ್ಮೆ ಮಾತ್ರ. ತೀರಾ ಕೆಟ್ಟರೆ ಎರಡನೆಯ ಸಲ, ಮೂರನೆಯದು ಇಲ್ಲ. ಒಂದು ಶಬ್ದ ಬಾರದಿದ್ದರೆ ಇಂಗ್ಲಿಷ್ ಶಬ್ದವನ್ನೇ ಇಟ್ಟು ವಾಕ್ಯವನ್ನು ಕನ್ನಡದಲ್ಲಿ ಮುಗಿಸಬೇಕು. ಆ ಶಬ್ದದ ಕನ್ನಡ ಉತ್ತರದಲ್ಲಿ ಬರುತ್ತದೆ.

ತಿದ್ದುವ ಬಗೆ

ಈ ಕ್ರಮದ ಜೀವಾಳವಿರುವುದು ತಿದ್ದುವುದರಲ್ಲಿ. ಮೂರನೆಯ ವಾರದ ಒಂದು ಸಂದೇಶವನ್ನು ಹುಡುಗಿಯ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇನೆ:

"ಅಕ್ಕಾ, ನಾನು ನಿನ್ನೆ ಫ್ರೆಂಡ್ ಮನೆಗೆ ಹೋಗ್ತೀನಿ. ನಾನು ತುಂಬ ಹಸಿವು ಇದ್ದೆ. ಅವಳ ಅಮ್ಮ ಬಂದಿತು, ಊಟ ಮಾಡು ಹೇಳಿತು. ಮುಂದಿನ ವರ್ಷ ನಾನು ಅಜ್ಜಿಯ ಹಲ್ಲಿಗೆ ಬರ್ತೀನಿ."

ಇಷ್ಟರಲ್ಲಿ ಐದಾರು ತಪ್ಪುಗಳಿವೆ. ಎಲ್ಲವನ್ನೂ ಎತ್ತಿ ಹೇಳಿದರೆ ಕಲಿಯುವವರು ಯಾವುದನ್ನೂ ಹಿಡಿದುಕೊಳ್ಳಲಾರರು. ಆದುದರಿಂದ ಸಂದೇಶಕ್ಕೆ ಮೂರೇ ತಿದ್ದುಪಡಿ ಎಂದು ನಿಯಮ. "ನಿನ್ನೆ ಹೋಗ್ತೀನಿ" ಎಂಬುದನ್ನು ಅಕ್ಕನು ತಿದ್ದಲಿಲ್ಲ. ಮುಂದಿನ ವಾಕ್ಯದಲ್ಲಿಯೇ ಹುಡುಗಿ "ಇದ್ದೆ" ಎಂದು ಭೂತಕಾಲವನ್ನು ಸರಿಯಾಗಿ ಬಳಸಿದ್ದಾಳೆ. ಅದು ಬಾಯಿ ತಪ್ಪಿದ್ದು, ತಿಳಿಯದೆ ಆಡಿದ್ದಲ್ಲ. "ಊಟ ಮಾಡು ಅಂತ" ಎನ್ನಬೇಕಾಗಿದ್ದುದನ್ನು ಮುಂದಿನ ವಾರಕ್ಕೆ ಬಿಟ್ಟಳು. ಆರಿಸಿಕೊಂಡ ಮೂರು ಇವು. "ನಾನು ಹಸಿವು ಇದ್ದೆ" ಎಂಬುದು ಇಂಗ್ಲಿಷಿನ ಅಚ್ಚು. ಕನ್ನಡದಲ್ಲಿ ಹಸಿವು, ನಿದ್ದೆ, ಚಳಿ, ಭಯ ಎಲ್ಲವೂ "ನನಗೆ" ಆಗುವಂಥವು. "ಅಮ್ಮ ಬಂದಿತು" ಎಂದರೆ ದನವೋ ಬಸ್ಸೋ ಬಂದಂತಾಯಿತು. ಹಿರಿಯರಾದುದರಿಂದ "ಬಂದರು" ಎನ್ನಬೇಕು. ಮೂರನೆಯದು, ಅಜ್ಜಿಯ ಹಳ್ಳಿಗೆ ಬರಬೇಕಾದವಳು ಅಜ್ಜಿಯ ಹಲ್ಲಿಗೆ ಬರುತ್ತೇನೆಂದಿದ್ದಾಳೆ!

ಅಕ್ಕನ ಉತ್ತರದಲ್ಲಿ ಮೊದಲು ಮಾತಿಗೆ ಮಾತು ಬರುತ್ತದೆ: "ಛಲೋ ಆತು ತಂಗಿ, ಊಟಕ್ಕ ಏನ್ ಮಾಡಿದ್ರು?" ಸುದ್ದಿಗೆ ಸ್ಪಂದಿಸದೆ ನೇರ ತಪ್ಪಿಗೆ ಇಳಿದರೆ ಅದು ಸಂಭಾಷಣೆಯಾಗುವುದಿಲ್ಲ, ಪರೀಕ್ಷೆಯಾಗುತ್ತದೆ. ಅನಂತರ "ಈಗ ಮೂರು ಮಾತು" ಎಂದು ಸ್ಪಷ್ಟವಾಗಿ ಹೇಳಿ, ಸರಿಯಾದ ವಾಕ್ಯವನ್ನು ಒಮ್ಮೆ ನಿಧಾನವಾಗಿ, ಒಮ್ಮೆ ವಾಡಿಕೆಯ ವೇಗದಲ್ಲಿ ಹೇಳುವಳು. ಹೀಗೆ ಬೇರ್ಪಡಿಸಿ ಹೇಳುವುದು ಅವಶ್ಯ. ಉತ್ತರದ ನಡುವೆ ಸುಮ್ಮನೆ ಸರಿಯಾದ ರೂಪವನ್ನು ಬಳಸಿಬಿಟ್ಟರೆ ಕಲಿಯುವವರು ಅದನ್ನು ಒಪ್ಪಿಗೆಯ ಮಾತೆಂದು ತಿಳಿದು ಮುಂದೆ ಸಾಗುತ್ತಾರೆ, ತಿದ್ದಿದ್ದೇ ಕಾಣುವುದಿಲ್ಲ.

ತಿದ್ದುಪಡಿ ನಾಟಿತೋ ಇಲ್ಲವೋ ಎಂಬುದು ಮುಂದಿನ ಸಂದೇಶದಲ್ಲಿ ತಿಳಿಯುತ್ತದೆ. ಅದೇ ವಾಕ್ಯವನ್ನು ಗಿಳಿಯಂತೆ ಮರಳಿ ಹೇಳಿದರೆ ಸಾಲದು. ಅದೇ ಅಚ್ಚಿನಲ್ಲಿ ಬೇರೆ ವಾಕ್ಯ ಹೇಳಬೇಕು. ಗುರುವಾರ ಹುಡುಗಿಯು "ನನಗೆ ಚಳಿ ಆಗಿತ್ತು, ಆಮೇಲೆ ನನಗೆ ನಿದ್ದೆ ಬಂತು" ಎಂದಾಗ ಅಚ್ಚು ಕೈಗೆ ಬಂದಿತೆಂದು ನಾವು ತಿಳಿದೆವು.

ಹಲ್ಲಿ ಮತ್ತು ಹಳ್ಳಿ

ಮೂರನೆಯ ತಪ್ಪು ಅಷ್ಟು ಸುಲಭದಲ್ಲಿ ಹೋಗಲಿಲ್ಲ. ಸಾಮಾನ್ಯವಾಗಿ ರೋಮನ್ ಅಕ್ಷರದಲ್ಲಿ ಬರೆದುಕೊಂಡಾಗ ಲ ಮತ್ತು ಳ ಎರಡಕ್ಕೂ ಒಂದೇ ಗುರುತು. ಇಂಗ್ಲಿಷಿಗೆ ಹೊಂದಿದ ಕಿವಿಗೂ ಎರಡೂ ಒಂದೇ. ವಚನ ಹೇಳುವಾಗ ತಂದೆಯನ್ನು ಅನುಸರಿಸಿ ಸರಿಯಾಗಿ ಹೇಳಿದವಳು ಸ್ವಂತ ಮಾತಿನಲ್ಲಿ ತಪ್ಪುತ್ತಿದ್ದಳು. ಕಿವಿ ಬೇರ್ಪಡಿಸದ ಧ್ವನಿಯನ್ನು ನಾಲಿಗೆ ಬೇರ್ಪಡಿಸಲಾರದು. ಆದುದರಿಂದ ಮೊದಲು ಕಿವಿಗೆ ಅಭ್ಯಾಸ. ಅಕ್ಕನು ಬಲೆ, ಬಳೆ, ಹಲ್ಲಿ, ಹಳ್ಳಿ, ಬೆಲೆ, ಬೆಳೆ ಈ ಶಬ್ದಗಳನ್ನು ಕಲೆಸಿ ಹತ್ತು ಬಾರಿ ಹೇಳಿ ಕಳುಹಿಸುವಳು. ತಂಗಿಯು ಕೇಳಿದ್ದನ್ನು ಬರೆದು ಕಳುಹಿಸುವಳು. ಅದು ಸರಿಹೋದ ಮೇಲೆ ತಿರುಗುಮುರುಗು: ತಂಗಿಯು ತನಗೆ ತೋಚಿದ ಕ್ರಮದಲ್ಲಿ ಹತ್ತು ಶಬ್ದ ಹೇಳಿ, ಆ ಕ್ರಮವನ್ನು ತನ್ನಲ್ಲಿ ಬರೆದಿಟ್ಟುಕೊಳ್ಳುವಳು, ಅಕ್ಕನು ತನಗೆ ಕೇಳಿಸಿದ್ದನ್ನು ಬರೆಯುವಳು. ಹೊಂದಿಸಿ ನೋಡಿದರೆ ಮೊದಲ ಸಲ ಹತ್ತಕ್ಕೆ ಐದು. ಎರಡರಲ್ಲಿ ಒಂದನ್ನು ಊಹಿಸಿದರೂ ಅಷ್ಟೇ ಬರುತ್ತದೆ. ಎಂದರೆ ಏನೂ ಬಂದಿರಲಿಲ್ಲ. ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಿಸಿ ಅಂಗುಳಿಗೆ ತಾಗಿಸಬೇಕೆಂದು ತಿಳಿಸಿ, ವಾರಕ್ಕೊಮ್ಮೆ ಹೀಗೆ ಮಾಡಿಸಿದಾಗ ಐದನೆಯ ವಾರಕ್ಕೆ ಹತ್ತಕ್ಕೆ ಒಂಬತ್ತು ಬಂದವು. ಧ್ವನಿಸಂದೇಶದ ವಿಶೇಷವೆಂದರೆ ಇಲ್ಲಿ ತುಟಿ, ಮುಖ ಕಾಣುವುದಿಲ್ಲ, ಕಿವಿಯೊಂದೇ ಪರೀಕ್ಷಕ.

ಹಳ್ಳಿಯ ಹುಡುಗಿಗೂ ಇಂಗ್ಲಿಷಿನಲ್ಲಿ ಇಂತಹುದೇ ತೊಡಕು ಇತ್ತು. ಪಶ್ಚಿಮ ದಿಕ್ಕನ್ನು ಹೇಳುವ ಶಬ್ದವೂ ಒಳ ಅಂಗಿಯನ್ನು ಹೇಳುವ ಶಬ್ದವೂ ನಮ್ಮ ಬಾಯಲ್ಲಿ "ವೆಸ್ಟ್" ಎಂದೇ ಹೊರಡುತ್ತವೆ. ಮೊದಲನೆಯದಕ್ಕೆ ತುಟಿಗಳನ್ನು ದುಂಡಾಗಿಸಬೇಕು, ಎರಡನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಯನ್ನು ತಾಗಬೇಕು. ಅದನ್ನೂ ಇದೇ ಬಗೆಯಲ್ಲಿ ಸಾಧಿಸಿದರು.

ಯಾವ ಕನ್ನಡ?

ಹುಡುಗಿಯಲ್ಲಿದ್ದ ಪುಸ್ತಕವು "ನಾನು ಹೋಗುತ್ತೇನೆ", "ನೀನು ಏನು ಮಾಡುತ್ತಿದ್ದೀಯೆ" ಎಂದು ಕಲಿಸುತ್ತಿತ್ತು. ಅದು ಬರೆಹದ ಕನ್ನಡ. ಧಾರವಾಡದ ಅಜ್ಜಿಯ ಬಾಯಲ್ಲಿ ಅದು "ಏನ್ ಮಾಡಾಕತ್ತೀ" ಎಂದಾಗುತ್ತದೆ. ಆದಕಾರಣ ಜೊತೆಗಾರರನ್ನು ಹುಡುಕುವಾಗ, ಮುಂದೆ ಯಾರೊಡನೆ ಮಾತನಾಡಬೇಕಾಗಿದೆಯೋ ಅವರ ಸೀಮೆಯವರನ್ನೇ ಆರಿಸುವುದು ಲೇಸು. ಪ್ರಾರಂಭದಲ್ಲಿ ಹಳ್ಳಿಯ ಹುಡುಗಿಯು ಪರದೇಶದವಳೆಂಬ ಸಂಕೋಚದಿಂದ ಪುಸ್ತಕದ ಭಾಷೆಯಲ್ಲಿಯೇ ಮಾತನಾಡುತ್ತಿದ್ದಳು. ನಿನ್ನ ಒಡಹುಟ್ಟಿದ ತಂಗಿಯೊಡನೆ ಹೇಗೆ ಮಾತನಾಡುವೆಯೋ ಹಾಗೆಯೇ ಮಾತನಾಡು ಎಂದು ಹೇಳಬೇಕಾಯಿತು.

ಇದರ ಇನ್ನೊಂದು ಮುಖವೂ ಇದೆ. ಅಯೋವಾದ ಹುಡುಗಿಯು "ಕಸಿನ್ ಸಿಸ್ಟರ್" ಎಂಬ ಪ್ರಯೋಗವನ್ನು ತಪ್ಪೆಂದು ಅಳಿಸಿದಳು. ನಮ್ಮ ದೇಶದ ಇಂಗ್ಲಿಷಿನಲ್ಲಿ ಅದು ಎಲ್ಲರೂ ಆಡುವ ಮಾತು. ಅಲ್ಲಿನ ರೂಢಿ ಬೇರೆ ಎಂದು ತಿಳಿಸುವುದು ಸರಿ. ತಪ್ಪು ಎನ್ನುವುದು ಸರಿಯಲ್ಲ. ಜೊತೆಗಾರರು ವ್ಯಾಕರಣದ ಗುರುಗಳಲ್ಲ. "ಏಕೆ ಹೀಗೆ?" ಎಂದು ಕೇಳಿದರೆ ಅವರಿಗೂ ತಿಳಿಯದು, ಊಹಿಸಿ ಏನನ್ನೋ ಹೇಳುವರು. "ಇಂಥವೇ ಇನ್ನೆರಡು ವಾಕ್ಯ ಹೇಳು" ಎಂದು ಕೇಳಿದರೆ ತಪ್ಪಿಲ್ಲದ ಉತ್ತರ ದೊರೆಯುತ್ತದೆ.

ನನ್ನದೊಂದು ಅಪರಾಧ

ಡಿಸೆಂಬರಿನಲ್ಲಿ ಹುಡುಗಿಯ ಒಂದು ಸಂದೇಶವನ್ನು ಹಳ್ಳಿಯ ಹುಡುಗಿಯು ಸಂತೋಷದಿಂದ ನನಗೆ ಕೇಳಿಸಿದಳು. ಅಭಿಮಾನದಿಂದ ಉಬ್ಬಿದ ನಾನು ಅದನ್ನು ಕೇಳಿ ಪಡೆದು ನಮ್ಮ ಮನೆತನದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆನು. ಮೆಚ್ಚಿದವರು ಹಲವರು, ಆದರೆ ಸೋದರ ಸಂಬಂಧದ ಹುಡುಗರಿಬ್ಬರು ಅವಳ ಉಚ್ಚಾರವನ್ನು ಅಣಕಿಸಿ ಧ್ವನಿಮುದ್ರಿಸಿ ಅದೇ ಗುಂಪಿನಲ್ಲಿ ಹಾಕಿದರು. ಮೂರು ವಾರಗಳ ಕಾಲ ಅಯೋವಾದಿಂದ ಒಂದು ಸಂದೇಶವೂ ಬರಲಿಲ್ಲ. ತಪ್ಪು ನನ್ನದು. ತಪ್ಪುಮಾಡುವ ಸ್ವಾತಂತ್ರ್ಯವಿರುವ ಸ್ಥಳವನ್ನು ನಾನು ಸಭೆಯನ್ನಾಗಿ ಮಾಡಿಬಿಟ್ಟಿದ್ದೆನು. ಅವಳಲ್ಲಿ ಮತ್ತು ಆ ಅಕ್ಕನಲ್ಲಿ ಕ್ಷಮೆ ಕೇಳಿದೆನು. ಇಬ್ಬರ ನಡುವಿನ ಧ್ವನಿ ಮೂರನೆಯವರಿಗೆ ಹೋಗಕೂಡದೆಂಬುದು ಅಂದಿನಿಂದ ಕರಾರಿನ ಮೊದಲ ಕಲಮು.

ಹದಿನೆಂಟಕ್ಕಿಂತ ಕಿರಿಯರಿದ್ದಲ್ಲಿ ಜೊತೆಗಾರರು ಯಾರೆಂಬುದು ಎರಡೂ ಮನೆಯ ಹಿರಿಯರಿಗೆ ತಿಳಿದಿರಬೇಕು. ಜೊತೆಗಾರರನ್ನು ಹುಡುಕಿಕೊಡುವ ಹಲೋಟಾಕ್, ಟ್ಯಾಂಡೆಮ್ ಮುಂತಾದ ಆ್ಯಪ್‌ಗಳೂ ಇವೆ. ಅಲ್ಲಿ ಸಿಗುವವರು ಅಪರಿಚಿತರು. ಕನ್ನಡದ ಮಟ್ಟಿಗೆ ಬಂಧುಗಳ, ಪರಿಚಯಸ್ಥರ ಮೂಲಕ ಹುಡುಕುವುದೇ ಸುಲಭವೂ ಕ್ಷೇಮವೂ ಆದ ದಾರಿ.

ಎಲ್ಲಿಯವರೆಗೆ?

ಧ್ವನಿಸಂದೇಶಕ್ಕೊಂದು ಮಿತಿಯಿದೆ. ಅದರಲ್ಲಿ ಯೋಚಿಸಲು ಕಾಲಾವಕಾಶ ಸಿಗುತ್ತದೆ. ಎದುರುಬದುರಿನ ಮಾತಿನಲ್ಲಿ ಸಿಗುವುದಿಲ್ಲ. ನಡುವೆ ಬಾಯಿ ಹಾಕುವವರು, ಅರ್ಧ ವಾಕ್ಯಕ್ಕೇ ಉತ್ತರ ಬಯಸುವವರು ಸಂದೇಶದಲ್ಲಿ ಇರುವುದಿಲ್ಲ. ಹೀಗಾಗಿ ಸಂದೇಶದಲ್ಲಿ ಸರಾಗವಾಗಿ ಮಾತನಾಡುವವರೂ ಎದುರಿಗೆ ತಡವರಿಸಬಹುದು. ಜನವರಿಯಿಂದ ಇಬ್ಬರೂ ಎರಡು ಮೆಟ್ಟಿಲು ಸೇರಿಸಿದರು. ಮೊದಲನೆಯದು, ಗುರುವಾರದ ಸಂದೇಶಕ್ಕೆ ಚೀಟಿ ಇಲ್ಲ. ಬಂದ ಪ್ರಶ್ನೆಯನ್ನು ಒಮ್ಮೆ ಮಾತ್ರ ಕೇಳಿ ತಕ್ಷಣ ಉತ್ತರಿಸುವುದು. ಎರಡನೆಯದು, ಹದಿನೈದು ದಿನಕ್ಕೊಮ್ಮೆ ಭಾನುವಾರ ಇಪ್ಪತ್ತು ನಿಮಿಷದ ನೇರ ಕರೆ. ಗಡಿಯಾರ ಇಟ್ಟು ಹತ್ತು ನಿಮಿಷ ಕನ್ನಡ, ಹತ್ತು ನಿಮಿಷ ಇಂಗ್ಲಿಷ್. ಕರೆಯ ನಡುವೆ ತಿದ್ದುವಂತಿಲ್ಲ. ತಿದ್ದುಪಡಿಗಳು ಮರುದಿನ ಸಂದೇಶದಲ್ಲಿ.

ಪ್ರಗತಿಯನ್ನು ಅಳೆಯಲು ಮೊದಲ ಸಂದೇಶವನ್ನು ಜೋಪಾನವಾಗಿ ಇಟ್ಟುಕೊಂಡಿದ್ದೆವು. ಚೀಟಿ ನೋಡದೆ ಆಡಿದ ಮೊದಲ ಸಂದೇಶದಲ್ಲಿ ಒಂದು ನಿಮಿಷಕ್ಕೆ 31 ಕನ್ನಡ ಶಬ್ದಗಳಿದ್ದವು. ಮಾರ್ಚ್ ತಿಂಗಳಿನ ಒಂದರಲ್ಲಿ 64. ತಪ್ಪುಗಳ ಸಂಖ್ಯೆ ಬಹಳ ಇಳಿದಿರಲಿಲ್ಲ, ಏಕೆಂದರೆ ಅವಳೀಗ ಮೊದಲು ಮುಟ್ಟಲು ಹೆದರುತ್ತಿದ್ದ ಉದ್ದ ವಾಕ್ಯಗಳಿಗೆ ಕೈಹಾಕುತ್ತಿದ್ದಳು. ತಪ್ಪನ್ನಷ್ಟೇ ಎಣಿಸಿದವರಿಗೆ ಈ ಬೆಳವಣಿಗೆ ಕಾಣುವುದಿಲ್ಲ.

2024ರ ಏಪ್ರಿಲ್ 9, ಯುಗಾದಿ. ಬೆಳಿಗ್ಗೆ ಅಯೋವಾದಿಂದ ಕರೆ ಬಂದಿತು. ನಾನು ಫೋನನ್ನು ಅವ್ವನ ಕೈಗೆ ಕೊಟ್ಟೆನು. ಅವ್ವನು ತನ್ನ ವಾಡಿಕೆಯಂತೆ "ಊಟ ಆತೇನವ್ವಾ?" ಎಂದಳು. "ಆತ್ರಿ ಅಜ್ಜಿ. ನಿಮ್ದು?" ಎಂಬ ಉತ್ತರ ನನಗೂ ಕೇಳಿಸಿತು. ಕರೆ ಹನ್ನೊಂದು ನಿಮಿಷ ನಡೆಯಿತು. ನಡುವೆ ಒಮ್ಮೆ ಮೊಮ್ಮಗಳು ಬೇಳೆಯ ಹೋಳಿಗೆ ಎನ್ನುವ ಬದಲು ಬೆಳೆಯ ಹೋಳಿಗೆ ಎಂದಳಂತೆ. ಅವ್ವನು ನಗುತ್ತ ತಿದ್ದಿದಳಂತೆ. ಮೂರೇ ತಿದ್ದಬೇಕೆಂಬ ನಿಯಮವನ್ನು ಅಜ್ಜಿಗೆ ನಾವು ಹೇಳಿರಲಿಲ್ಲ. ಅವಳು ಒಂದನ್ನೇ ತಿದ್ದಿ, ಮುಂದಿನ ಮಾತಿಗೆ ಹೋಗಿದ್ದಳು.